‘ನೀವು ಏನು ಹುಡುಕ್ಲತ್ತೀರಿ?’ ಅಂತ ಕೇಳ್ಯಾರ, ನಂಗ ಖರೇನೇ ಗೊತ್ತಿಲ್ಲ. ಏನ್ ಉತ್ತರ ಕೊಡ್ಲಿ?

ತೊಗರಿ_ಕಣಜ

ಮನಿ ಕಲಬುರಗಿ, ನೌಕರಿ ಯಾದಗಿರಿ ಕಡೆ ಒಂದು ಬ್ಯಾಂಕಿನ್ಯಾಗ. ವಯಸ್ಸು 29. ಹಿಂಜ್ ಅನ್ನೋ ಡೇಟಿಂಗ್ ಆ್ಯಪಿನ್ಯಾಗ ಒಬ್ಬರ ಪರಿಚಯ ಆತು. ಬೀದರದವರು, ಇಲ್ಲೇ ಕಲಬುರಗಿ ಕಾಲೇಜಿನ್ಯಾಗ ಪಾಠ ಹೇಳ್ತಾರ. ಒಂದಪ ಸೇಡಂ ರೋಡಿನ ಮ್ಯಾಲ ಕಾಫಿ, ಮತ್ತೊಂದಪ ಬುದ್ಧ ವಿಹಾರ ನೋಡಾಕ ಹೋಗಿದ್ದಿವಿ. ಮಾತು ಚಲೋ ಕೂಡ್ತದ. ನಿನ್ನೆ ರಾತ್ರಿ ವಾಟ್ಸಾಪಿಗಿ ಒಂದೇ ಸಾಲು ಬಂತು: ‘ಒಂದ್ ಮಾತು ಕೇಳ್ತೀನಿ, ನೀವು ಏನು ಹುಡುಕ್ಲತ್ತೀರಿ?’

ಟೈಪ್ ಮಾಡೋದು, ಅಳಿಸೋದು, ಇದರಾಗೇ ಹನ್ನೆರಡು ಹೊಡೀತು. ಲಗ್ನ ಅಂತ ಬರದ್ರ ಸುಳ್ಳಾಗ್ತದೇನೋ ಅನ್ನಸ್ತದ. ಸುಮ್ಮ ಗೆಳೆತನ ಅಂದ್ರ ಅದಂತೂ ಪಕ್ಕಾ ಸುಳ್ಳು. ಪ್ರೊಫೈಲಿನ್ಯಾಗ ನಾ ಇಟ್ಟಿದ್ದು `Figuring out my dating goals`. ಅದನ್ನ ನೋಡೇ ಅವರು ಕೇಳಿರಬೇಕು. ಮನ್ಯಾಗ ಅವ್ವ ನನ್ನ ಬಯೋಡಾಟಾ ನಾಕು ಕಡೆ ಕೊಟ್ಟಾಳ. ಹೋದ ವರ್ಷ ಒಂದು ಸಂಬಂಧ ಮಾತುಕತಿ ಆಗಿ, ನಿಶ್ಚಯ ಆಗೋದಕ್ಕಿಂತ ಮೊದಲೇ ಮುರದು ಬಿತ್ತು. ‘ಗೊತ್ತಿಲ್ಲ’ ಅಂತ ಹೇಳೋದು ಹ್ಯಾಂಗ್ರಿ? ಉಡಾಳ ಹುಡುಗರು ಹೇಳೋ ‘ಗೊತ್ತಿಲ್ಲ’ಕ್ಕೂ ನನ್ನ ‘ಗೊತ್ತಿಲ್ಲ’ಕ್ಕೂ ಫರಕ್ ಅವರಿಗೆ ಹ್ಯಾಂಗ ತಿಳೀಬೇಕು?

ಜೇವರ್ಗಿ_ಕ್ರಾಸ್

ಇಷ್ಟಕ್ಕ್ಯಾಕ ತಲಿ ಕೆಡಿಸ್ಕೋತಿ ದೋಸ್ತಾ? ಗೊತ್ತಿಲ್ಲಂದ್ರ ಗೊತ್ತಿಲ್ಲ ಅಂತ ಹೇಳು. ಖರೇ ಹೇಳಿದವನ್ನ ಯಾರೂ ಬೈಯಂಗಿಲ್ಲ. ‘ನೋಡೋಣ, ಹ್ಯಾಂಗ ಆಗ್ತದೋ ಹಂಗ ಹೋಗೋಣ’ ಅಂತ ಬರದು ಮಲಕ್ಕೊ.

ಎಚ್ಆರ್_ಮಾಮಾ

ಈ ಪ್ರಶ್ನೆ ಎಲ್ಲಾ ಇಂಟರ್‌ವ್ಯೂದಾಗೂ ಬರ್ತದ. ‘ಗೊತ್ತಿಲ್ಲ’ ಅಂತ ಎಂದೂ ಅನಬ್ಯಾಡ್ರಿ. ಕಲಿಯೋ ಅವಕಾಶ ಬೇಕು, ಜವಾಬ್ದಾರಿ ಬೇಕು, ಪಗಾರ ಇಷ್ಟರ ಮ್ಯಾಲಿರಬೇಕು ಅಂತ ಮೂರೇ ಮಾತಿನ್ಯಾಗ ಮುಗಸ್ರಿ. ಈಗಿರೋ ಬ್ಯಾಂಕಿನ್ಯಾಗ ನೋಟಿಸ್ ಪೀರಿಯಡ್ ಎಷ್ಟದ?

ತೊಗರಿ_ಕಣಜ

ಮಾಮಾ, ಪೂರಾ ಓದ್ರಿ 😅 ನೌಕರಿ ಅಲ್ಲ.

ಎಚ್ಆರ್_ಮಾಮಾ

ಅರೆ! ತಲಿಬರಹ ನೋಡಿ ಬರದೆ. ಇರಲಿ, ಪಗಾರದ್ದು ಬಿಟ್ಟು ಉಳದದ್ದು ನಡೀತದ.

ಶಹಾಪುರದಾಕಿ

ಜೇವರ್ಗಿ ಅಣ್ಣಾ, ನೀವು ಹೇಳಿದ್ದು ಅರ್ಧ ಖರೆ. ಸುಳ್ಳು ಹೇಳಬ್ಯಾಡ ಅನ್ನೋದು ಸರಿ. ಆದ್ರ ‘ಹ್ಯಾಂಗ ಆಗ್ತದೋ ಹಂಗ’ ಅನ್ನೋ ಮಾತು ಕೇಳಾಕಿ ಕಿವಿಗೆ ಹ್ಯಾಂಗ ಬೀಳ್ತದ ಅಂತ ನಾ ಹೇಳ್ತೀನಿ. ನಂಗೂ ಒಬ್ಬರು ಇದನ್ನೇ ಹೇಳಿದ್ರು. ಆರು ತಿಂಗಳಾದ ಮ್ಯಾಲೂ ಅದೇ ಮಾತು. ಅಷ್ಟರಾಗ ನಮ್ಮನಿಗಿ ಬಂದ ಒಂದೆರಡು ಸಂಬಂಧಕ್ಕ ನಾ ನೆಪಾ ಹೇಳಿ ತಪ್ಪಸ್ಕೊಂಡಿದ್ದೆ. ಅವರು ನಂಗ ತಪ್ಪಸ್ಕೋ ಅಂತ ಹೇಳಿರ್ಲಿಲ್ಲ, ಆದ್ರ ಬ್ಯಾಡ ಅಂತನೂ ಹೇಳಿರ್ಲಿಲ್ಲ.

ಕೇಳಾಕಿ ನಿಮ್ಮ ಇಡೀ ಜಿಂದಗಿ ಪ್ಲಾನ್ ಕೇಳ್ಲತ್ತಿಲ್ಲ ತಮ್ಮಾ. ದೀಪಾವಳಿ ಮುಗದು ತುಳಸಿ ಲಗ್ನ ಆತಂದ್ರ ಕನ್ಯಾ ನೋಡೋರು ಸಾಲು ಹಚ್ತಾರ. ಅವರಿಗೆ ಮನ್ಯಾಗ ಏನ್ ಹೇಳಬೇಕು ಅನ್ನೋದು ಆಕಿ ತಲ್ಯಾಗ ಕುಂತದ. ಅದಕ್ಕೇ ಈ ಪ್ರಶ್ನೆ. ಗಂಡಸರಿಗೆ ‘ಗೊತ್ತಿಲ್ಲ’ ಅನ್ನೋದು ಪುಕ್ಕಟ ಸಿಗ್ತದ. ನಮಗ ಅದಕ್ಕೊಂದು ತಾರೀಖು ಅಂಟಿಕೊಂಡಿರ್ತದ.

ಜೇವರ್ಗಿ_ಕ್ರಾಸ್

ಅಕ್ಕೋರ ಮಾತು ಒಪ್ತೀನಿ. ಆದ್ರ ಗೊತ್ತಿಲ್ಲದವ ಏನ್ ಮಾಡ್ಬೇಕ್ರಿ? ಗೊತ್ತಿದ್ದಂಗ ನಾಟಕ ಮಾಡ್ಬೇಕಾ?

ಬಿದ್ರಿ_ಹೂಜಿ

ನಾನು ಕಲಬುರಗಿಯಲ್ಲೇ ಮದುವೆಗೆ ಮುಂಚೆ, ಮದುವೆ ಆದ ಮೇಲೆ ಬರುವವರ ಜೊತೆ ಕೂತು ಮಾತಾಡುವ ಕೆಲಸ ಮಾಡ್ತೀನಿ. ನಾಟಕ ಬೇಡ. ಆದರೆ ‘ಗೊತ್ತಿಲ್ಲ’ ಅನ್ನುವುದನ್ನು ಇಡಿಯಾಗಿ ಅವರ ಕೈಗೆ ಕೊಡಬೇಡಿ, ಮೊದಲು ನೀವೇ ಅದನ್ನು ಬಿಡಿಸಿ ನೋಡಿ. ನನ್ನ ಮುಂದೆ ಕೂತು ‘ಗೊತ್ತಿಲ್ಲ ಮೇಡಂ’ ಅಂದ ಹುಡುಗರಲ್ಲಿ ಒಬ್ಬನಿಗೆ ಮದುವೆಯೇ ಬೇಕೋ ಬೇಡವೋ ಗೊತ್ತಿರಲ್ಲ. ಇನ್ನೊಬ್ಬನಿಗೆ ಮದುವೆ ಬೇಕು, ಯಾವಾಗ ಅಂತ ಗೊತ್ತಿರಲ್ಲ. ಮತ್ತೊಬ್ಬನಿಗೆ ಅದೂ ಗೊತ್ತು, ಈ ಹುಡುಗಿ ಹೌದೋ ಅಲ್ಲವೋ ಅಂತ ಇನ್ನೂ ತಿಳಿದಿಲ್ಲ. ಎರಡು ಸಲ ಭೇಟಿ ಆದವರಿಗೆ ಅದು ತಿಳಿಯದೆ ಇರುವುದು ಸಹಜ, ಅದಕ್ಕೆ ಯಾರೂ ನಾಚಬೇಕಿಲ್ಲ. ಕೊನೆಯವನು ಬೇರೆ ಥರ. ಅವನಿಗೆ ಎಲ್ಲ ಗೊತ್ತು, ಬಾಯಿ ಬಿಟ್ಟು ಹೇಳೋಕೆ ಹೆದರಿಕೆ. ನಾಲ್ವರೂ ಆಡುವ ಮಾತು ಒಂದೇ. ಕೇಳಿಸಿಕೊಂಡವರು ಇವುಗಳಲ್ಲಿ ತಮಗೆ ಹೆಚ್ಚು ಭಯ ಇರುವುದನ್ನೇ ಹಿಡಿದುಕೊಳ್ತಾರೆ.

ನೀವು ಯಾವ ಥರದವರು ಅಂತ ನಾನು ಇಲ್ಲಿಂದ ಹೇಳೋಕಾಗಲ್ಲ. ಎರಡು ಕೆಲಸ ಮಾಡಿ. ಇದೇ ಪ್ರಶ್ನೆಯನ್ನು ನಿಮ್ಮ ಖಾಸ್ ಗೆಳೆಯ ಕೇಳಿದ್ದರೆ ಏನು ಹೇಳ್ತಿದ್ದಿರಿ ಅಂತ ನೋಡಿ. ಅವನಿಗೆ ಥಟ್ಟನೆ ಉತ್ತರ ಬಂದು, ಆಕೆಗೆ ಮಾತ್ರ ಬರಲಿಲ್ಲ ಅಂದ್ರೆ ಅದು ಗೊತ್ತಿಲ್ಲದ್ದಲ್ಲ, ಹೇಳಲಾಗದ್ದು. ಆಮೇಲೆ, ನಾಳೆ ಆಕೆ ‘ಆರು ತಿಂಗಳಲ್ಲಿ ಮದುವೆ, ಹೂಂ ಅಂತೀರೋ ಇಲ್ಲೋ’ ಅಂದ್ರು ಅಂತ ಊಹಿಸಿಕೊಳ್ಳಿ. ಅದೇ ನಾಳೆ ‘ನನಗೆ ಮದುವೆ ಗಿದುವೆ ಏನೂ ಬೇಡ, ಹಿಂಗೇ ಕಾಫಿ ಕುಡೀತಾ ಇರೋಣ’ ಅಂದ್ರು ಅಂತಲೂ ಊಹಿಸಿಕೊಳ್ಳಿ. ಯಾವುದಕ್ಕೆ ಮನಸ್ಸು ಹಗುರ ಆಯ್ತು, ಯಾವುದು ಚುಚ್ಚಿತು? ಸುಮ್ಮನೆ ಯೋಚನೆ ಮಾಡಬೇಡಿ, ಬರೆದಿಡಿ. ಆಮೇಲೆ ಇಲ್ಲಿ ಹೇಳಿ, ಇಷ್ಟ ಇದ್ದರೆ.

ಇದರ ನಡುವೆ ಆಕೆಯನ್ನು ಕಾಯಿಸಬೇಡಿ. ನೀಲಿ ಗೆರೆ ಬಿದ್ದು ಎರಡು ದಿನ ಸುಮ್ಮನಿದ್ದರೆ ಅದೂ ಒಂದು ಉತ್ತರವೇ. ‘ಪ್ರಶ್ನೆ ನೋಡಿದೆ, ಹಗುರವಾಗಿ ಉತ್ತರ ಕೊಡೋ ಮನಸ್ಸಿಲ್ಲ, ಭಾನುವಾರದೊಳಗೆ ಬರೀತೀನಿ’ ಅಂತ ಈಗಲೇ ಕಳಿಸಿ.

ತೊಗರಿ_ಕಣಜ

ಕಳಿಸಿದೆ ಮೇಡಂ. ‘ಸರಿ 🙂’ ಅಂತ ಬಂತು.

ಕಾರಂಜಾ_ನೀರು

ನಮ್ಮ ಬೀದರ ಕಡೆ ಈ ಪ್ರಶ್ನೆ ಹುಡುಗಗ ಯಾರ್ ಕೇಳ್ತಾರ್ರಿ? ನಾ ಕನ್ಯಾ ನೋಡಾಕ ಹೋದಾಗ ಉಪ್ಪಿಟ್ಟು ಶಿರಾ ಮುಂದಿಟ್ಟು ‘ಎಂಥಾ ಹುಡುಗಿ ಬೇಕ್ರಿ’ ಅಂದ್ರು. ಉತ್ತರ ಕೊಟ್ಟಾವ ನಮ್ಮ ಕಾಕಾ. ‘ಹೊಂದ್ಕೊಂಡು ಹೋಗಾಕಿ ಸಾಕು’ ಅಂದ. ಅದೇ ಮಾತು ಐದು ಮನ್ಯಾಗ ಹೇಳ್ಯಾನ. ಆರನೇ ಮನ್ಯಾಗ ಹುಡುಗಿ ನನ್ನ ಕಡೆ ತಿರುಗಿ ‘ಇದು ನಿಮ್ಮ ಕಾಕಾರ ಮಾತಾತು, ನಿಮ್ದೇನು’ ಅಂದ್ಲು. ಈಗ ಅಕೀನೇ ನನ್ನ ಹೆಂಡ್ತಿ. ಆ ಹೊತ್ತಿಗಿ ನಾ ಏನ್ ಹೇಳ್ದೆ ಅನ್ನೋದು ಮಾತ್ರ ನಂಗೂ ನೆನಪಿಲ್ಲ, ಅಕಿಗೂ ನೆನಪಿಲ್ಲ. ಅದಕ್ಕ ಇಷ್ಟೆಲ್ಲಾ ಅಳದು ತೂಗೋ ಗರಜ್ ಇಲ್ಲ ಅನ್ನಸ್ತದ ನಂಗ.

ಶಹಾಪುರದಾಕಿ

ನಿಮ್ಮನ್ಯಾಗ ಎರಡೂ ಕಡೆಯವರು ಲಗ್ನಕ್ಕ ಅಂತ್ಲೇ ಕುಂತಿದ್ರಲ್ಲ ಅಣ್ಣಾ. ಉಪ್ಪಿಟ್ಟು ಶಿರಾ ಬಂತಂದ್ರ ಪ್ರಶ್ನೆಯೊಳಗಿನ ಅರ್ಧ ಉತ್ತರ ಆಗಲೇ ಹೇಳ್ದಂಗ. ಇಲ್ಲಿ ಹಂಗಿಲ್ಲ. ಆ್ಯಪಿನ್ಯಾಗ ಯಾರು ಯಾತಕ್ಕ ಬಂದಾರ ಅನ್ನೋದೇ ಗೊತ್ತಿರಂಗಿಲ್ಲ.

ಭೀಮಾ_ದಂಡೆ

ಲಗ್ನ ಅನ್ನೋ ಶಬ್ದ ಬರವಣಿಗಿಯೊಳಗ ಹಾಕಲೇಬ್ಯಾಡ ತಮ್ಮಾ. ಹೊಸ ಕಾನೂನು ಬಂದದ. ಚಾಟಿನ್ಯಾಗ ಲಗ್ನ ಆಗ್ತೀನಿ ಅಂತ ಬರದು ಆಮ್ಯಾಲ ಆಗ್ಲಿಲ್ಲಂದ್ರ ಹತ್ತು ವರ್ಷ ಒಳಗ. ಸ್ಕ್ರೀನ್‌ಶಾಟ್ ಸಾಕು.

ಕಪ್ಪು_ಕೋಟು

ಇಲ್ಲಿನ ಹೈಕೋರ್ಟ್ ಪೀಠದಲ್ಲಿ ವಕಾಲತ್ತು ಮಾಡುತ್ತೇನೆ, ಅದಕ್ಕೇ ಸುಮ್ಮನಿರಲಾಗಲಿಲ್ಲ. ನೀವು ಹೇಳುತ್ತಿರುವುದು ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಹತ್ತು ವರ್ಷದವರೆಗೆ ಶಿಕ್ಷೆ ಎನ್ನುವುದು ನಿಜ. ಆದರೆ ಅದು ಚಾಟಿನಲ್ಲಿ ‘ಮದುವೆ’ ಎಂದು ಬರೆದದ್ದಕ್ಕಲ್ಲ. ಮದುವೆಯಾಗುವ ಉದ್ದೇಶವೇ ಇಲ್ಲದೆ ಆಗುತ್ತೇನೆ ಎಂದು ಮಾತು ಕೊಟ್ಟು, ಆ ಮಾತಿನ ಬಲದಿಂದ ಹೆಣ್ಣಿನ ಜೊತೆ ದೈಹಿಕ ಸಂಬಂಧ ಬೆಳೆಸಿದರೆ ಅದು ಅಪರಾಧ. ಮನಸ್ಸಿಟ್ಟು ಹೇಳಿದ ಮಾತು ಮುಂದೆ ಯಾವುದೋ ಕಾರಣಕ್ಕೆ ನಡೆಯದೆ ಹೋಗುವುದು ಬೇರೆ, ಮೊದಲ ದಿನದಿಂದಲೇ ಮೋಸದ ಮಾತು ಬೇರೆ ಎಂದು ಸುಪ್ರೀಂ ಕೋರ್ಟ್ ಹಳೆಯ ಕಾನೂನಿನ ಕಾಲದಲ್ಲೇ ಹೇಳಿದೆ. 2019ರ ಪ್ರಮೋದ್ ಸೂರ್ಯಭಾನ್ ಪವಾರ್ ಪ್ರಕರಣದಲ್ಲಿ ಅದು ಸ್ಪಷ್ಟವಾಗಿದೆ.

ಈ ಹುಡುಗ ಎರಡು ಸಲ ಕಾಫಿ ಕುಡಿದಿದ್ದಾನೆ. ಅವನನ್ನು ಜೈಲಿನ ಹೆಸರು ಹೇಳಿ ಹೆದರಿಸಬೇಡಿ. ಹೆದರಿದವನು ಇನ್ನಷ್ಟು ಅಡ್ಡಾದಿಡ್ಡಿ ಬರೆಯುತ್ತಾನೆ, ನಮ್ಮ ಹತ್ತಿರ ಬರುವ ಕಾಗದಗಳಲ್ಲಿ ಅದನ್ನೇ ನೋಡುತ್ತೇವೆ.

ಭೀಮಾ_ದಂಡೆ

ಆತ್ರಿ ವಕೀಲ ಸಾಹೇಬ್ರ. ಆದ್ರೂ ಹುಷಾರಿರೋದು ಚಲೋ ಅಂತ ಅಂದೆ.

ತೊಗರಿ_ಕಣಜ

ಮೇಡಂ, ಬರದು ನೋಡ್ದೆ. ಆರು ತಿಂಗಳಾಗ ಲಗ್ನ ಅಂದದ್ದಕ್ಕ ಎದಿ ಢವಢವ ಅಂತು. ಏನೂ ಬ್ಯಾಡ, ಕಾಫಿ ಸಾಕು ಅಂದದ್ದಕ್ಕ ಖರೇ ಹೇಳ್ಬೇಕಂದ್ರ ಹೊಟ್ಟ್ಯಾಗ ಸಂಕಟ ಆತು. ಅಂದ್ರ ಬೇಕಾಗ್ಯದ ಅಂತಾತು.

ಗೆಳೆಯನ ಪ್ರಶ್ನೆಗಿ ಬಂದ ಉತ್ತರ ಬ್ಯಾರೆ. ಅವಗ ನಾ ಹೇಳ್ತಿದ್ದ ಮಾತು ಇದು: ‘ಲಗ್ನ ಆಗೋದು ಅದ ಲೇ, ಒಂದೆರಡು ವರ್ಷದಾಗ. ಈಕಿ ಜೋಡಿ ಆದ್ರ ಚಲೋನೇ. ಆದ್ರ ಜಾತಿ ಬ್ಯಾರೆ ಅದ. ಅಪ್ಪನ ಮುಂದ ನಿಂತು ಮಾತಾಡೋ ತಾಕತ್ತು ನಂಗದನೋ ಇಲ್ಲೋ ಗೊತ್ತಿಲ್ಲ.’ ಇದನ್ನ ಬರದ ಮ್ಯಾಲ ಒಂದ್ ತಾಸು ಫೋನ್ ಮುಟ್ಟಿಲ್ಲ.

ಬಿದ್ರಿ_ಹೂಜಿ

ಇಲ್ಲೇ ನೋಡಿ ನಿಮ್ಮ ‘ಗೊತ್ತಿಲ್ಲ’ ಎರಡಾಗಿ ಒಡೆಯಿತು. ಏನು ಬೇಕು ಅನ್ನುವುದು ನಿಮಗೆ ಸುಮಾರಾಗಿ ಗೊತ್ತು. ಎಷ್ಟರ ತನಕ ನಿಲ್ಲಬಲ್ಲೆ ಅನ್ನುವುದು ಗೊತ್ತಿಲ್ಲ. ಆಕೆ ಕೇಳಿದ್ದು ಮೊದಲನೆಯದು, ಆಕೆಗೆ ಪೆಟ್ಟು ಬೀಳುವುದು ಎರಡನೆಯದರಿಂದ. ಇವೆರಡನ್ನೂ ಕಲಸಿ ‘ನಂಗ ಗೊತ್ತಿಲ್ಲ’ ಅಂದುಬಿಟ್ಟರೆ, ನಿಮಗೆ ಆಕೆಯ ಮೇಲೆ ಮನಸ್ಸಿಲ್ಲ ಅಂತ ಅವರು ತಿಳಿತಾರೆ. ಅದು ಸುಳ್ಳು. ಬರೀ ಮೊದಲನೆಯದನ್ನು ಹೇಳಿ ‘ಮದುವೆಗೇ ನೋಡ್ತಿದ್ದೀನಿ’ ಅಂದ್ರೆ, ಅಪ್ಪನ ಮಾತು ಬಂದ ದಿನ ಅದು ಸುಳ್ಳಾಗಬಹುದು. ಹಾಗಾಗಿ ಎರಡು ವಾಕ್ಯ ಬೇಕು, ಒಂದರೊಳಗೆ ಒಂದು ಬೆರೆಸದೆ.

ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದಲ್ಲಿ ಸ್ಕಾಟ್ ಸ್ಟ್ಯಾನ್ಲಿ, ಗಲೇನಾ ರೋಡ್ಸ್, ಹವರ್ಡ್ ಮಾರ್ಕ್‌ಮನ್ ಅಂತ ಮೂವರು 2006ರಲ್ಲಿ ಬರೆದ ಒಂದು ಲೇಖನ ಇದೆ. ಅವರು ನೋಡಿದ್ದು ಮದುವೆಗೆ ಮುಂಚೆ ಒಟ್ಟಿಗೆ ಮನೆ ಮಾಡಿದವರನ್ನು, ನಮ್ಮ ಊರಿನ ಸಂಗತಿ ಬೇರೆ. ಆದರೂ ಅದರಲ್ಲೊಂದು ಮಾತು ನನಗೆ ದಿನಾ ಉಪಯೋಗಕ್ಕೆ ಬರುತ್ತೆ. ಜೋಡಿಗಳು ಕೂತು ನಿರ್ಧಾರ ಮಾಡಿ ಮುಂದೆ ಹೋಗುವುದಕ್ಕಿಂತ ಸುಮ್ಮನೆ ಜಾರಿಕೊಂಡು ಮುಂದೆ ಹೋಗುವುದೇ ಹೆಚ್ಚು, ಜಾರಿದಷ್ಟೂ ವಾಪಸ್ ಬರೋದು ಕಷ್ಟ ಅಂತ ಅವರ ವಾದ. ಇಲ್ಲಿ ನೋಡೋದೂ ಅದನ್ನೇ. ಏನೂ ಮಾತಾಗದೆ ದಿನಾ ರಾತ್ರಿ ಫೋನು, ಹಬ್ಬಕ್ಕೆ ಸೀರೆ, ಗೆಳತಿಯರಿಗೆಲ್ಲ ಪರಿಚಯ, ಶರಣಬಸವೇಶ್ವರ ಜಾತ್ರೆಗೆ ಜೊತೆಯಾಗಿ ತಿರುಗಾಟ. ಬಾಯಲ್ಲಿ ‘ಇನ್ನೂ ಏನೂ ಇಲ್ಲ’, ನಡತೆಯಲ್ಲಿ ಎಲ್ಲ ಇದೆ. ಹುಡುಗಿ ನಂಬೋದು ನಡತೆಯನ್ನೇ, ನಂಬಬೇಕಾದ್ದೂ ಅದನ್ನೇ. ನಿಮ್ಮ ಉತ್ತರ ಏನೇ ಇರಲಿ, ನಡತೆ ಅದನ್ನು ದಾಟಿ ಮುಂದೆ ಹೋಗಬಾರದು.

ಈಗ ಒಂದು ಕರಡು ಬರೆದು ಇಲ್ಲಿ ಹಾಕಿ.

ತೊಗರಿ_ಕಣಜ

ಇದು ನೋಡ್ರಿ:

‘ನಮಸ್ಕಾರ. ನೀವು ಕೇಳಿದ ಪ್ರಶ್ನೆ ಬಗ್ಗೆ ಭಾಳ ವಿಚಾರ ಮಾಡ್ದೆ. ಹೋದ ವರ್ಷ ನಂದೊಂದು ಸಂಬಂಧ ಮುರದದ, ಅವರ ಕಡೆಯವರು ಕೊನೀ ಗಳಿಗ್ಯಾಗ ಹಿಂದ ಸರದ್ರು, ಅದರಿಂದ ನಂಗ ಭಾಳ ನೋವಾಗ್ಯದ. ಅವತ್ತಿಂದ ಯಾರ ಮ್ಯಾಲೂ ಲಗೂನ ನಂಬಿಕಿ ಬರ್ಲತ್ತಿಲ್ಲ. ನೀವು ಭಾಳ ಒಳ್ಳೆಯವರು, ನಿಮಗ ನನ್ನಕ್ಕಿಂತ ಒಳ್ಳೆಯವರು ಸಿಗಬಹುದು. ನಾ ಒಂದು ಗಟ್ಟಿ ಸಂಬಂಧನೇ ಹುಡುಕ್ಲತ್ತೀನಿ ಆದ್ರ ಸದ್ಯಕ್ಕ ಏನೂ ಖಾತ್ರಿ ಕೊಡಾಕಾಗಂಗಿಲ್ಲ. ನೋಡೋಣ. ನಿಮ್ಮ ವಿಚಾರ ಏನು?’

ಶಹಾಪುರದಾಕಿ

ಇದನ್ನ ಓದಿದ್ರ ನಾ ಏನ್ ತಿಳ್ಕೋತೀನಿ ಗೊತ್ತದನು? ಇಂವ ‘ಬ್ಯಾಡ’ ಅಂತ ಹೇಳಾಕ ಬಂದು ಹೇಳಾಕ ಬರ್ಲಾರದ ಹೋದ. ‘ನನ್ನಕ್ಕಿಂತ ಒಳ್ಳೆಯವರು ಸಿಗಬಹುದು’ ಅನ್ನೋ ಸಾಲು ಮೊದಲು ಕಿತ್ತು ಒಗೀರಿ.

ಬಿದ್ರಿ_ಹೂಜಿ

ಶಹಾಪುರದವರು ಸರಿಯಾಗಿ ಹಿಡಿದ್ರು. ಆ ಸಾಲು ತೆಗೀರಿ. ಹಳೆಯ ಸಂಬಂಧದ್ದೂ ಇಲ್ಲಿ ಬೇಡ. ಮುಚ್ಚಿಡಿ ಅಂತಲ್ಲ, ಎದುರಿಗೆ ಕೂತಾಗ ಹೇಳಿ. ವಾಟ್ಸಾಪಿನಲ್ಲಿ ಅದು ಮೊದಲು ಬಂದರೆ ಆಕೆ ಪ್ರಶ್ನೆ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. ನೀವು ಗೆಳೆಯನಿಗೆ ಹೇಳಿದ ಮಾತಿನಲ್ಲಿ ಇದ್ದದ್ದು ಜಾತಿ ಮತ್ತು ಅಪ್ಪ. ಕರಡಿನಲ್ಲಿ ಅವೆರಡೂ ಇಲ್ಲವೇ ಇಲ್ಲ, ಅವುಗಳ ಜಾಗದಲ್ಲಿ ‘ಸದ್ಯಕ್ಕ ಖಾತ್ರಿ ಇಲ್ಲ’ ಬಂದು ಕೂತಿದೆ. ‘ನೋಡೋಣ’ ಅನ್ನುವುದಕ್ಕೆ ಯಾವಾಗ, ಏನನ್ನು ಅಂತ ಇರಬೇಕು. ಬರೀ ದಿನ ಹಾಕಿದರೂ ಸಾಲದು, ಆ ದಿನದೊಳಗೆ ನೀವು ಮಾಡುವ ಒಂದು ಕೆಲಸ ಇರಬೇಕು. ಮೂರು ತಿಂಗಳು ಸುಮ್ಮನೆ ಕಾದರೆ ಮೂರು ತಿಂಗಳ ಹಿಂದಿನಷ್ಟೇ ಗೊತ್ತಿರುತ್ತೆ. ನಿಮ್ಮ ಸಂಶಯ ಅಪ್ಪನ ಬಗ್ಗೆ. ಹಾಗಾದ್ರೆ ಆ ಮನೆಯಲ್ಲಿ ಈ ಮಾತು ಮೊದಲು ಯಾರ ಕಿವಿಗೆ ಹಾಕಬಹುದು?

ತೊಗರಿ_ಕಣಜ

ದೊಡ್ಡ ಅಕ್ಕ ಒಬ್ಬಾಕಿ ಇದ್ದಾಳ, ಸೊಲ್ಲಾಪುರಕ್ಕ ಕೊಟ್ಟದ. ಅಪ್ಪ ಯಾರ ಮಾತಾದ್ರೂ ಕೇಳ್ತಾನಂದ್ರ ಅಕೀದೇ.

ಬಿದ್ರಿ_ಹೂಜಿ

ಅದೇ ನಿಮ್ಮ ಕೆಲಸ. ಹುಡುಗಿಯ ಹೆಸರು ಹೇಳುವುದು ಬೇಡ. ‘ಬೇರೆ ಜಾತಿ ಆದ್ರೆ ಅಪ್ಪ ಏನು ಮಾಡ್ತಾನೆ, ನೀನು ನನ್ನ ಕಡೆ ಇರ್ತೀಯಾ’ ಅಂತ ಅಕ್ಕನನ್ನು ಕೇಳಿ. ಆ ಮಾತು ಬಾಯಿಂದ ಹೊರಗೆ ಬರುತ್ತಾ ಇಲ್ವಾ ಅನ್ನುವುದರಲ್ಲೇ ನಿಮ್ಮ ತಾಕತ್ತಿನ ಮೊದಲ ಸುಳಿವು ಸಿಗುತ್ತೆ. ಅಕ್ಕನ ಹತ್ತಿರವೇ ಆಡಲಾಗದಿದ್ದರೆ ಅಪ್ಪನ ಮುಂದೆ ಆಡುವುದು ದೂರದ ಮಾತು.

ಕಾರಂಜಾ_ನೀರು

ಒಂದು ಕೇಳ್ತೀನ್ರಿ. ಮನ್ಯಾಗ ಕನ್ಯಾ ನೋಡ್ಲತ್ತಾರ ಅನ್ನೋದನ್ನ ಈ ಹುಡುಗಿಗಿ ಹೇಳೋದು ಬೇಕೋ ಬ್ಯಾಡೋ? ಹೇಳಿದ್ರ ಅಕಿ ಹೆದರಿ ಓಡಿ ಹೋಗ್ತಾಳ ನೋಡ್ರಿ.

ಕಪ್ಪು_ಕೋಟು

ಹೇಳಬೇಕು. ನಾಳೆ ಬೇರೆಯವರ ಬಾಯಿಂದ ಕೇಳಿದರೆ ಉಳಿದ ಎಲ್ಲಾ ಮಾತುಗಳ ಮೇಲೂ ಅನುಮಾನ ಬರುತ್ತದೆ. ಕಲಬುರಗಿ ಎಷ್ಟು ದೊಡ್ಡದಾದರೂ ಬಯೋಡಾಟಾ ತಿರುಗುವ ಓಣಿಗಳು ಅವೇ.

ಜೇವರ್ಗಿ_ಕ್ರಾಸ್

ನಾ ಒಪ್ಪಂಗಿಲ್ಲ. ಇಲ್ಲಿ 29ರ ಯಾವ ಹುಡುಗನ ಮನ್ಯಾಗ ಕನ್ಯಾ ನೋಡ್ಲತ್ತಿಲ್ಲ ಹೇಳ್ರಿ? ಅಕಿಗೂ ಗೊತ್ತೇ ಇರ್ತದ. ಹೇಳಿದ್ರ ಧಮಕಿ ಹಾಕಿದಂಗ ಆಗ್ತದ, ‘ನೀ ಲಗೂನ ಹೇಳಲಿಲ್ಲಂದ್ರ ನಂಗ ಬ್ಯಾರೆದವರು ಇದ್ದಾರ’ ಅಂತ.

ಬಿದ್ರಿ_ಹೂಜಿ

ಜೇವರ್ಗಿಯವರ ಮಾತಿನಲ್ಲೂ ಒಂದು ಹುರುಳಿದೆ, ಅದು ಧಮಕಿ ಥರ ಕೇಳಿಸಬಹುದು. ಅವ್ವ ನಾಕು ಕಡೆ ಕೊಟ್ಟಿದ್ದಾಳೆ ಅನ್ನುವಷ್ಟಾದರೆ ಎದುರಿಗೆ ಸಿಕ್ಕಾಗ ಹೇಳಿದರೂ ನಡೆಯುತ್ತೆ ಅಂತ ನನಗನಿಸುತ್ತೆ. ಆದರೆ ನೀವು ಯಾರದೋ ಮನೆಗೆ ಹೋಗಿ ಉಪ್ಪಿಟ್ಟು ತಿಂದು ಬರೋದಿದ್ದರೆ, ಹೋಗುವ ಮುಂಚೆ ಹೇಳಲೇಬೇಕು. ಬಂದ ಮೇಲೆ ಹೇಳುವುದಲ್ಲ.

ಶಹಾಪುರದಾಕಿ

ನಾ ಇದಕ್ಕ ಒಪ್ಪಂಗಿಲ್ಲ ಮೇಡಂ. ಈಗಲೇ ಹೇಳಬೇಕು, ಬರವಣಿಗಿಯೊಳಗೇ. ಬಯೋಡಾಟಾ ಹೊರಗ ಹೋಗ್ಯದಂದ್ರ ಅದು ಸಣ್ಣ ಸಂಗತಿ ಅಲ್ಲ.

ತೊಗರಿ_ಕಣಜ

ಎರಡನೇ ಕರಡು. ಅಕ್ಕೋರ ಮಾತು ಹಿಡಿದು ಬಯೋಡಾಟಾದ್ದೂ ಹಾಕೀನಿ:

‘ನೀವು ನೇರ ಕೇಳೀರಿ, ನಾನೂ ನೇರ ಹೇಳ್ತೀನಿ. ನಂಗ ಲಗ್ನ ಆಗೋದದ, ಒಂದೆರಡು ವರ್ಷದಾಗ. ಟೈಮ್‌ಪಾಸಿಗಿ ಬಂದಿಲ್ಲ. ನಿಮ್ಮ ಜೋಡಿ ಮಾತಾಡೋದು ನಂಗ ಸೇರ್ತದ, ಇನ್ನಷ್ಟು ತಿಳ್ಕೋಬೇಕು ಅನ್ನಸ್ತದ. ಗೊತ್ತಿಲ್ಲದ್ದು ಒಂದದ. ನಮ್ಮ ನಿಮ್ಮ ಜಾತಿ ಬ್ಯಾರೆ, ನಮ್ಮಪ್ಪ ಇದಕ್ಕ ಲಗೂನ ಒಪ್ಪೋ ಮನುಷ್ಯ ಅಲ್ಲ, ಅವರ ಮುಂದ ನಾ ಎಷ್ಟು ಗಟ್ಟಿ ನಿಲ್ತೀನಿ ಅಂತ ನಂಗೇ ಇನ್ನಾ ಗೊತ್ತಿಲ್ಲ. ಅವ್ವ ನನ್ನ ಬಯೋಡಾಟಾ ಕೊಟ್ಟಾಳ, ನಾ ಎಲ್ಲೂ ನೋಡಾಕ ಹೋಗಿಲ್ಲ, ಹೋಗೋದಾದ್ರ ಮೊದಲ ನಿಮಗ ಹೇಳ್ತೀನಿ. ಈ ತಿಂಗಳು ಅಕ್ಕನ ಜೋಡಿ ಮಾತಾಡ್ತೀನಿ. ಸಂಕ್ರಾಂತಿಯೊಳಗ ನಿಮಗೊಂದು ಉತ್ತರ ಕೊಡ್ತೀನಿ, ಹೂಂ ಇರಲಿ ಊಹೂಂ ಇರಲಿ. ಅಲ್ಲಿ ತನಕ ನೀವು ಮನ್ಯಾಗ ಯಾವ ಸಂಬಂಧನೂ ನನ್ನ ಸಲುವಾಗಿ ತಡೀಬ್ಯಾಡ್ರಿ. ಇಷ್ಟು ಸಾಕಾಗಲಿಲ್ಲಂದ್ರ ಹೇಳ್ರಿ, ನಾ ತಪ್ಪು ತಿಳ್ಕೊಳ್ಳಂಗಿಲ್ಲ.’

ಕೊನೆಗೆ ‘ನಿಮ್ಮ ವಿಚಾರ ಏನು’ ಅಂತ ಕೇಳ್ಲಾ ಬ್ಯಾಡಾ?

ಬಿದ್ರಿ_ಹೂಜಿ

ಇದು ಚಲೋ ಆಗಿದೆ. ಪ್ರಶ್ನೆ ವಾಪಸ್ ಕೇಳಬೇಡಿ, ಈ ಸಲ. ಅವರು ಕೇಳಿದ್ದಕ್ಕೆ ಉತ್ತರ ಸಿಗಲಿ. ಅವರದ್ದನ್ನು ಅವರಾಗಿಯೇ ಹೇಳ್ತಾರೆ, ಹೇಳದಿದ್ದರೆ ಮುಂದಿನ ಭೇಟಿಯಲ್ಲಿ ಕೇಳಿ. ಎಲ್ಲಿ ಸಿಗಬೇಕು ಅನ್ನುವುದನ್ನು ಅವರಿಗೇ ಬಿಡಿ, ಯಾರ ಕಣ್ಣಿಗೆ ಬೀಳ್ತಾರೆ ಅನ್ನೋ ಲೆಕ್ಕ ಅವರಿಗೇ ಹೆಚ್ಚು ಇರುತ್ತೆ.

ಎಚ್ಆರ್_ಮಾಮಾ

ಆ್ಯಪಿನ್ಯಾಗ ಇಟ್ಟ `Figuring out my dating goals` ಏನ್ ಮಾಡೋದು? ನನ್ನ ಮಗಳು ಹೇಳ್ತಾಳ, ಅದನ್ನ ನೋಡಿದ್ರ ಮುಂದಿನ ಪ್ರೊಫೈಲಿಗಿ ಹೋಗಿಬಿಡ್ತೀವಿ ಅಂತ.

ಬಿದ್ರಿ_ಹೂಜಿ

ಆ ಆಯ್ಕೆ ಕೆಟ್ಟದ್ದಲ್ಲ ಮಾಮಾ, ಆದರೆ ಇವರಿಗೆ ಈಗ ಅದು ಒಪ್ಪಲ್ಲ. ಇವರಿಗೆ ಗೊತ್ತಿರುವುದು `Long-term relationship`. `Life partner` ಅಂತ ಹಾಕಿದರೂ ಸುಳ್ಳೇನಲ್ಲ, ಆದರೆ ಅದನ್ನು ನೋಡಿದವರು ಮನೆಯವರೂ ತಯಾರಿದ್ದಾರೆ ಅಂತ ತಿಳಿಯಬಹುದು. ಅಪ್ಪನ ವಿಷಯಕ್ಕೆ ಅಲ್ಲಿ ಜಾಗ ಇಲ್ಲ, ಅದನ್ನು ಬಾಯಲ್ಲೇ ಹೇಳಬೇಕು. ಇನ್ನೊಂದು, ಈಕೆಯ ಪ್ರಶ್ನೆಗೆ ಉತ್ತರ ಕೊಡುವ ಮುಂಚೆ ಪ್ರೊಫೈಲ್ ಬದಲಿಸಬೇಡಿ. ಅವರು ತೆಗೆದು ನೋಡಿದರೆ ಏನೇನೋ ಅನಿಸುತ್ತೆ.

ಭೀಮಾ_ದಂಡೆ

ಇಷ್ಟು ಖರೇ ಬರದ್ರ ಹುಡುಗಿ ಉಳೀತಾಳಂತೀರಾ? ಅಪ್ಪನ ಮುಂದ ನಿಲ್ತೀನೋ ಇಲ್ಲೋ ಗೊತ್ತಿಲ್ಲ ಅಂತ ಯಾವ ಗಂಡಸು ಬರದು ಕೊಡ್ತಾನ?

ಶಹಾಪುರದಾಕಿ

ಹೋದ್ರ ಹೋಗ್ಲಿ. ಆರು ತಿಂಗಳಾದ ಮ್ಯಾಲ ಹೋಗೋದಕ್ಕಿಂತ ಈಗ ಹೋಗೋದು ಅಕಿಗೆ ಸೋವಿ.

ತೊಗರಿ_ಕಣಜ

ಭಾನುವಾರ ಮುಂಜಾನೆ ಕಳಿಸಿದೆ. ಮಧ್ಯಾಹ್ನ ಬಂದದ ಉತ್ತರ. ಪೂರಾ ಹಾಕಂಗಿಲ್ಲ, ಅವರ ಮಾತು ಅವರದು. ಸಾರಾಂಶ ಇಷ್ಟು. ಜಾತಿ ಮಾತು ನಾನೇ ಎತ್ತಿದ್ದು ಚಲೋ ಆತಂತ, ಅವರ ಮನ್ಯಾಗೂ ಅದೇ ರಗಳಿ ಅದ ಅಂತ. ಅವರಿಗೂ ಲಗ್ನ ಬೇಕು, ಆದ್ರ ಪಾಠ ಹೇಳೋ ಕೆಲಸ ಬಿಡಂಗಿಲ್ಲ, ನಂಗ ಬ್ಯಾರೆ ಊರಿಗಿ ವರ್ಗ ಆದ್ರ ಏನು ಅಂತ ಕೇಳ್ಯಾರ. ಈ ವರ್ಗದ್ದು ನಾ ವಿಚಾರನೇ ಮಾಡಿರ್ಲಿಲ್ಲ. ಕೊನೀ ಸಾಲು ಇದು: ‘ತುಳಸಿ ಲಗ್ನ ಆದ ಮುಂದಿನ ವಾರ ಉದಗೀರದಿಂದ ಒಬ್ಬರು ಬರೋರಿದ್ದಾರ. ನೀವು ತಡೀಬ್ಯಾಡ ಅಂತೀರಿ. ನಿಮಗ ಖರೇನೇ ಏನೂ ಅನ್ಸಂಗಿಲ್ಲೇನು?’

ಇದಕ್ಕೇನ್ ಹೇಳ್ಲಿ? ಅನ್ನಸ್ತದ. ಭಾಳ ಅನ್ನಸ್ತದ. ಹಂಗಂತ ತಡೀರಿ ಅನ್ನೋ ಹಕ್ಕು ನಂಗಿಲ್ಲ.

ಜೇವರ್ಗಿ_ಕ್ರಾಸ್

ತಡೀರಿ ಅನ್ನು ದೋಸ್ತಾ! ಅಕಿ ಅದನ್ನೇ ಕೇಳ್ಲತ್ತಾಳ!

ಬಿದ್ರಿ_ಹೂಜಿ

ಅನ್ನಿಸುತ್ತೆ ಅಂತ ಹೇಳಿ, ತಡೀರಿ ಅಂತ ಹೇಳಬೇಡಿ. ‘ಕೇಳಿ ಸಂಕಟ ಆತು, ಆದ್ರೂ ಬರೋರನ್ನ ನೋಡೋದೋ ಬಿಡೋದೋ ನಿಮ್ಮ ನಿರ್ಧಾರ’ ಅಂತ ಎರಡು ಸಾಲು ಸಾಕು. ವರ್ಗದ ಪ್ರಶ್ನೆಗೆ ಮಾತ್ರ ಇವತ್ತೇ ಲೆಕ್ಕ ಹಾಕಿ ಉತ್ತರ ಕೊಡಿ, ಅದು ಗೊತ್ತಿಲ್ಲದ ವಿಷಯ ಅಲ್ಲ. ನಿಮ್ಮ ಬ್ಯಾಂಕಿನ ವರ್ಗಾವಣೆ ನಿಯಮ ನಿಮಗೇ ಗೊತ್ತಿರಬೇಕು.

ಶಹಾಪುರದಾಕಿ

ನಾ ಇದಕ್ಕ ಇನ್ನೊಂದು ಸೇರಸ್ತೀನಿ. ಉದಗೀರದವರು ಬರೋದಕ್ಕಿಂತ ಮೊದಲು ಅಕ್ಕಗ ಫೋನ್ ಮಾಡ್ರಿ. ಸಂಕ್ರಾಂತಿ ತನಕ ಅಂತ ನೀವು ಹಾಕಿದ ದಿನ ನಿಮಗ ಸರಿ ಇದ್ದೀತು, ಅಕಿಗೆ ಭಾಳ ತಡಾ.

ತೊಗರಿ_ಕಣಜ

ಅಕ್ಕಗ ಇವತ್ತು ರಾತ್ರಿ ಹಚ್ತೀನಿ. ಭಾವ ಎಂಟಕ್ಕ ಅಂಗಡಿ ಮುಚ್ಚಿ ಮನಿಗಿ ಬರ್ತಾನ, ಅದಕ್ಕಿಂತ ಮೊದಲೇ ಹಚ್ಚಬೇಕು.

ಕಾರಂಜಾ_ನೀರು

ನನ್ನ ಹೆಂಡ್ತಿ ಇದನ್ನೆಲ್ಲಾ ಬಗಲಾಗ ಕುಂತು ಓದ್ಲತ್ತಾಳ. ಅಂದು ನಾ ಏನ್ ಹೇಳಿದ್ದೆ ಅಂತ ಅಕಿಗಿ ಈಗ ನೆನಪಾಗ್ಯದಂತ, ಆದ್ರ ಇಲ್ಲಿ ಬರೀಬ್ಯಾಡ ಅಂತಾಳ.